ವೈಟ್‌ಫೀಲ್ಡಿಗೆ ಹೋದ ರ್ಯಾಕುಗಳು: ಒಬ್ಬ ಕಾಂಪೋಸಿಷನ್ ವ್ಯಾಪಾರಿಯ ಪ್ರಕರಣ

ಬೆಂಗಳೂರಿನಲ್ಲಿ ಸಂಜೆ ಹೊತ್ತು ಜಿಎಸ್‌ಟಿ ಪಾಠ ಮಾಡುತ್ತೇನೆ. ಹಗಲೆಲ್ಲ ಆಫೀಸಿನಲ್ಲಿ ದುಡಿದು ಆರೂವರೆಗೆ ಬಂದು ಕೂರುವ ಹುಡುಗ ಹುಡುಗಿಯರ ಬ್ಯಾಚ್ ಅದು. ಪರೀಕ್ಷೆ ಹತ್ತಿರ ಬಂದಾಗ ಅವರಿಗೆ ಒಂದು ದೊಡ್ಡ ಪ್ರಶ್ನೆ ಕೊಡುತ್ತೇನೆ. ಕಾಂಪೋಸಿಷನ್, ಪೂರೈಕೆಯ ಸ್ಥಳ, ಇನ್‌ಪುಟ್ ಕ್ರೆಡಿಟ್ ಮೂರನ್ನೂ ಒಂದೇ ದಾರದಲ್ಲಿ ಕಟ್ಟಿದ ಪ್ರಶ್ನೆ. ಕಾಂಪೋಸಿಷನ್ ಎಂದರೆ ಸಣ್ಣ ವ್ಯಾಪಾರಿ ತನ್ನ ವಹಿವಾಟಿನ ಮೇಲೆ ಸಣ್ಣ ದರದ ತೆರಿಗೆ ಕಟ್ಟುವ ಪದ್ಧತಿ, ಇನ್‌ಪುಟ್ ಕ್ರೆಡಿಟ್ ಎಂದರೆ ಖರೀದಿಗೆ ಕೊಟ್ಟ ತೆರಿಗೆಯನ್ನು ಮಾರಾಟದ ತೆರಿಗೆಯಲ್ಲಿ ಕಳೆದುಕೊಳ್ಳುವುದು. ಪುಸ್ತಕದಲ್ಲಿ ಇವು ಮೂರು ಬೇರೆ ಬೇರೆ ಅಧ್ಯಾಯ. ಅಂಗಡಿಯಲ್ಲಿ ಮಾತ್ರ ಒಂದೇ ಬಿಲ್ಲಿನ ಮೇಲೆ ಮೂರೂ ಬಂದು ಕೂರುತ್ತವೆ. ಆ ಪ್ರಶ್ನೆಯನ್ನೂ ಉತ್ತರವನ್ನೂ ಇಲ್ಲಿ ಪೂರ್ತಿ ಬಿಡಿಸಿದ್ದೇನೆ. ಮಂಜಣ್ಣ ಎನ್ನುವುದು ಪ್ರಶ್ನೆಗಾಗಿ ಕಟ್ಟಿದ ಪಾತ್ರ, ಅಂಕಿಗಳೂ ಹಾಗೆಯೇ. ಸೆಕ್ಷನ್ನುಗಳು ಮಾತ್ರ ನಿಜದವು.

ಪ್ರಶ್ನೆ (15 ಅಂಕ)

ಮಂಜಣ್ಣನಿಗೆ ರಾಜಾಜಿನಗರದಲ್ಲಿ ಸ್ಟೀಲ್ ಬೀರು ಮತ್ತು ರ್ಯಾಕ್ ಮಾರುವ ಅಂಗಡಿ ಇದೆ. ತಯಾರಿಕೆ ಇಲ್ಲ, ಬರೀ ವ್ಯಾಪಾರ. 2024-25ರಲ್ಲಿ ಅವನ ಒಟ್ಟು ವಹಿವಾಟು 1.12 ಕೋಟಿ ರೂಪಾಯಿ. 2025-26ಕ್ಕೂ ಅವನು ಸಿಜಿಎಸ್‌ಟಿ ಕಾಯ್ದೆಯ ಸೆಕ್ಷನ್ 10ರ ಅಡಿಯಲ್ಲಿ ಕಾಂಪೋಸಿಷನ್ನಿನಲ್ಲೇ ಮುಂದುವರಿದಿದ್ದಾನೆ. ಅವನ ಸರಕಿಗೆಲ್ಲ ಜಿಎಸ್‌ಟಿ ದರ 18% ಎಂದು ಇಟ್ಟುಕೊಳ್ಳಿ. ಆ ವರ್ಷ ನಡೆದದ್ದು ಇಷ್ಟು:

2025ರ ಮೇ 10ರಂದು ಕೊಯಮತ್ತೂರಿನ ನೋಂದಾಯಿತ ತಯಾರಕರಿಂದ 18% ಐಜಿಎಸ್‌ಟಿ ಕೊಟ್ಟು ರ್ಯಾಕ್ ತರಿಸಿದ. ಲಾರಿ ಬಾಡಿಗೆ 40,000 ರೂಪಾಯಿಯನ್ನು ಕೊಯಮತ್ತೂರಿನಲ್ಲಿ ನೋಂದಣಿ ಇರುವ ಟ್ರಾನ್ಸ್‌ಪೋರ್ಟ್ ಏಜೆನ್ಸಿಗೆ ಇವನೇ ಕೊಟ್ಟ. ಆ ಏಜೆನ್ಸಿ ತಾನೇ ತೆರಿಗೆ ಕಟ್ಟುವ ಆಯ್ಕೆ ಮಾಡಿಕೊಂಡಿಲ್ಲ.

ಜೂನ್ 22ರ ಭಾನುವಾರ ಹೊಸೂರಿನ ಒಬ್ಬ ಗೃಹಸ್ಥರು ಅಂಗಡಿಗೇ ಬಂದು 28,000 ರೂಪಾಯಿಯ ಬೀರು ಕೊಂಡು, ತಮ್ಮದೇ ಗಾಡಿಯಲ್ಲಿ ಹೇರಿಕೊಂಡು ಹೋದರು. ಅವರಿಗೆ ಜಿಎಸ್‌ಟಿ ನೋಂದಣಿ ಇಲ್ಲ. ಬಿಲ್ಲಿನಲ್ಲಿ ಹೆಸರು ಮಾತ್ರ ಇದೆ, ವಿಳಾಸವಾಗಲಿ ರಾಜ್ಯವಾಗಲಿ ಬರೆದಿಲ್ಲ.

ಏಪ್ರಿಲ್‌ನಿಂದ ಜೂನ್‌ವರೆಗಿನ ಒಟ್ಟು ಮಾರಾಟ 24,00,000 ರೂಪಾಯಿ. ಇದರಲ್ಲಿ ಗಿರಾಕಿಗಳ ಮನೆಗೆ ಹೋಗಿ ರ್ಯಾಕ್ ಜೋಡಿಸಿಕೊಟ್ಟಿದ್ದಕ್ಕೆ ಬೇರೆಯಾಗಿ ಪಡೆದ 30,000 ರೂಪಾಯಿ ಕೂಲಿಯೂ ಸೇರಿದೆ. ಜುಲೈ 1ರಿಂದ 13ರವರೆಗಿನ ಮಾರಾಟ 4,00,000 ರೂಪಾಯಿ, ಎಲ್ಲ ಬೆಂಗಳೂರಿನೊಳಗೆ.

ಜುಲೈ 14ರಂದು ವೈಟ್‌ಫೀಲ್ಡಿನ ವಿಶೇಷ ಆರ್ಥಿಕ ವಲಯದ, ಅಂದರೆ ಎಸ್‌ಇಜೆಡ್ ಒಳಗಿರುವ ಒಂದು ಸಾಫ್ಟ್‌ವೇರ್ ಘಟಕಕ್ಕೆ 3,54,000 ರೂಪಾಯಿಯ ರ್ಯಾಕ್ ಕಳಿಸಿದ. ತೆರಿಗೆ ಕಟ್ಟದೆ ಕಳಿಸಲು ಕೊಡಬೇಕಾದ ಮುಚ್ಚಳಿಕೆ, ಅಂದರೆ ಎಲ್‌ಯುಟಿ, ಸಲ್ಲಿಸಿಲ್ಲ. ಜುಲೈ 18ಕ್ಕೆ ಅವನ ಲೆಕ್ಕ ಬರೆಯುವವರು ಬಿಲ್ಲು ನೋಡಿ ಎಚ್ಚರಿಸಿದರು. 19ಕ್ಕೆ ಕಾಂಪೋಸಿಷನ್ನಿನಿಂದ ಹೊರಬಂದದ್ದನ್ನು ತಿಳಿಸುವ CMP-04 ಸಲ್ಲಿಸಿದ, 14ರಿಂದ ಆಚೆಗಿನ ಬಿಲ್ಲುಗಳ ಬದಲಿಗೆ ಟ್ಯಾಕ್ಸ್ ಇನ್‌ವಾಯ್ಸ್ ಕೊಟ್ಟ. ಬೆಲೆ ಮಾತ್ರ ಏರಿಸಲಿಲ್ಲ. ಜುಲೈ 14ರಿಂದ 31ರವರೆಗೆ ಕರ್ನಾಟಕದೊಳಗಿನ ಮಾರಾಟ 5,90,000 ರೂಪಾಯಿ. 14ರಿಂದ ಆಚೆಗಿನ ಮೊತ್ತಗಳಲ್ಲೆಲ್ಲ ತೆರಿಗೆ ಸೇರಿದೆ. ಈ ಅವಧಿಯಲ್ಲಿ ಹೊಸ ಖರೀದಿ ಇಲ್ಲ.

ಜುಲೈ 13ರ ರಾತ್ರಿ ಗೋಡೌನಿನಲ್ಲಿ ಉಳಿದಿದ್ದ ಸರಕು: ಮೇ 10ರ ಕೊಯಮತ್ತೂರು ಬಿಲ್ಲಿನದು 6,00,000 ರೂಪಾಯಿಯದು, 2024ರ ನವೆಂಬರ್ 20ರ ಪೀಣ್ಯದ ತಯಾರಕರ ಬಿಲ್ಲಿನದು 2,00,000 ರೂಪಾಯಿಯದು, 2024ರ ಜೂನ್ 5ರ ಬೆಂಗಳೂರಿನದೇ ಇನ್ನೊಂದು ಬಿಲ್ಲಿನದು 1,50,000 ರೂಪಾಯಿಯದು (ಇವೆಲ್ಲ ತೆರಿಗೆ ಬಿಟ್ಟು), ಮತ್ತೊಬ್ಬ ಕಾಂಪೋಸಿಷನ್ ವ್ಯಾಪಾರಿಯಿಂದ ಕೊಂಡದ್ದು 80,000 ರೂಪಾಯಿಯದು. ಇದಲ್ಲದೆ 2025ರ ಜನವರಿ 2ರಂದು ಅಂಗಡಿಯ ಬಿಲ್ಲಿಂಗಿಗೆ ಕೊಂಡ ಕಂಪ್ಯೂಟರುಗಳಿವೆ. ಅವುಗಳ ಬೆಲೆ 1,00,000 ರೂಪಾಯಿ, ಸಿಜಿಎಸ್‌ಟಿ 9,000, ಎಸ್‌ಜಿಎಸ್‌ಟಿ 9,000.

(ಅ) ಯಾವ ವ್ಯವಹಾರದಿಂದ, ಯಾವ ದಿನದಿಂದ ಮಂಜಣ್ಣ ಕಾಂಪೋಸಿಷನ್ ಕಳೆದುಕೊಂಡ? ಪೂರೈಕೆಯ ಸ್ಥಳದೊಂದಿಗೆ ವಿವರಿಸಿ. (5 ಅಂಕ)
(ಆ) ಕಾಂಪೋಸಿಷನ್ ಇದ್ದಷ್ಟು ದಿನದ ತೆರಿಗೆ ಎಷ್ಟು? (3 ಅಂಕ)
(ಇ) ಸಿಗುವ ಇನ್‌ಪುಟ್ ಕ್ರೆಡಿಟ್ ಎಷ್ಟು, ಜುಲೈ ತಿಂಗಳಿಗೆ ಕೈಯಿಂದ ಕಟ್ಟಬೇಕಾದ್ದು ಎಷ್ಟು? (5 ಅಂಕ)
(ಈ) ಜುಲೈ 14ರ ಸರಕನ್ನು ಎಸ್‌ಇಜೆಡ್ ಬದಲು, ಹೊಸೂರಿನ ನೋಂದಾಯಿತ ವ್ಯಾಪಾರಿ ಹೇಳಿದ ಹಾಗೆ ಪೀಣ್ಯದಲ್ಲಿರುವ ಅವರ ಗಿರಾಕಿಗೆ ಇಳಿಸಿದ್ದರೆ? (2 ಅಂಕ)

ಉತ್ತರ (ಅ): ಎಲ್ಲಿ ಮುರಿಯಿತು?

ಮೊದಲು ಅರ್ಹತೆ ನೋಡೋಣ. ಕರ್ನಾಟಕದಲ್ಲಿ ಸರಕಿನ ವ್ಯಾಪಾರಿಗೆ ಹಿಂದಿನ ವರ್ಷದ ಒಟ್ಟು ವಹಿವಾಟು 1.5 ಕೋಟಿ ದಾಟಿರಬಾರದು. 1.12 ಕೋಟಿ ಅದರೊಳಗಿದೆ. ಜೋಡಣೆ ಕೂಲಿ ಸೇವೆ ಆಯಿತಲ್ಲ, ಅದು ತೊಂದರೆ ಕೊಡುತ್ತದಾ? ಇಲ್ಲ. ಹಿಂದಿನ ವರ್ಷದ ವಹಿವಾಟಿನ 10% ಅಥವಾ 5 ಲಕ್ಷ, ಇವೆರಡರಲ್ಲಿ ಯಾವುದು ಜಾಸ್ತಿಯೋ ಅಲ್ಲಿಯವರೆಗೆ ಸೇವೆ ಕೊಡಬಹುದು. ಮಂಜಣ್ಣನಿಗೆ ಆ ಮಿತಿ 11.2 ಲಕ್ಷ. 30,000 ಅದರ ಹತ್ತಿರಕ್ಕೂ ಬರುವುದಿಲ್ಲ. ಇಷ್ಟನ್ನು ಎರಡು ಸಾಲಿನಲ್ಲಿ ಬರೆದು ಮುಂದೆ ಹೋಗಿ.

ಈಗ ಕೊಯಮತ್ತೂರಿನ ಖರೀದಿ. ಪ್ರತಿ ಬ್ಯಾಚಿನಲ್ಲೂ ಕೆಲವರು ಇಲ್ಲೇ ಕಾಂಪೋಸಿಷನ್ ಮುರಿಯಿತು ಎಂದು ಬರೆಯುತ್ತಾರೆ. ಸೆಕ್ಷನ್ 10(2)(ಸಿ) ತಡೆಯುವುದು ರಾಜ್ಯದಿಂದ ರಾಜ್ಯಕ್ಕೆ ಹೋಗುವ ಹೊರ ಪೂರೈಕೆಯನ್ನು, ಅಂದರೆ ಮಾರಾಟವನ್ನು. ಹೊರಗಿನಿಂದ ತರಿಸುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಕೊಟ್ಟ ಐಜಿಎಸ್‌ಟಿಗೆ ಕ್ರೆಡಿಟ್ ಸಿಗುವುದಿಲ್ಲ, ಅಷ್ಟೇ. ಆ ತೆರಿಗೆ ಸರಕಿನ ಬೆಲೆಯೊಳಗೇ ಸೇರಿಹೋಗುತ್ತದೆ.

ಹೊಸೂರಿನ ಗೃಹಸ್ಥರ ಬೀರು ಸ್ವಲ್ಪ ಸೂಕ್ಷ್ಮ. ಸರಕು ತಮಿಳುನಾಡಿಗೆ ಹೋಗಿದೆ, ಅದು ನಮಗೆ ಗೊತ್ತು. ಆದರೆ ನೋಂದಣಿ ಇಲ್ಲದವರಿಗೆ ಮಾರಿದಾಗ ಪೂರೈಕೆಯ ಸ್ಥಳ ತಿಳಿಯಲು 2023ರ ಅಕ್ಟೋಬರ್ 1ರಿಂದ ಐಜಿಎಸ್‌ಟಿ ಕಾಯ್ದೆಯಲ್ಲಿ ಬೇರೆ ನಿಯಮವಿದೆ. ಅದು ಸೆಕ್ಷನ್ 10(1)(ಸಿಎ). ಬಿಲ್ಲಿನಲ್ಲಿ ಕೊಂಡವರ ವಿಳಾಸ ಬರೆದಿದ್ದರೆ ಅದೇ ಪೂರೈಕೆಯ ಸ್ಥಳ. ಬರೆದಿಲ್ಲದಿದ್ದರೆ ಮಾರಿದವರು ಇರುವ ಸ್ಥಳ. ರಾಜ್ಯದ ಹೆಸರು ಒಂದನ್ನು ಬರೆದರೂ ವಿಳಾಸ ಬರೆದ ಹಾಗೇ. ಇಲ್ಲಿ ಬಿಲ್ಲಿನಲ್ಲಿ ಹೆಸರು ಮಾತ್ರ ಇದೆ. ಆದ್ದರಿಂದ ಸ್ಥಳ ಕರ್ನಾಟಕ. ಮಾರಿದವನೂ ಕರ್ನಾಟಕದವನು. ಇದು ರಾಜ್ಯದೊಳಗಿನ ಪೂರೈಕೆ, ಕಾಂಪೋಸಿಷನ್ ಉಳಿಯಿತು.

ಕೌಂಟರಿನಲ್ಲಿ ಕೂತ ಹುಡುಗ ಅಭ್ಯಾಸಬಲದಿಂದ ಹೆಸರಿನ ಕೆಳಗೆ "ಹೊಸೂರು, ತಮಿಳುನಾಡು" ಎಂದು ಬರೆದುಬಿಟ್ಟಿದ್ದರೆ? ಆಗ ಜೂನ್ 22ಕ್ಕೇ ಎಲ್ಲ ಮುಗಿಯುತ್ತಿತ್ತು. ಒಂದು ಬೀರು, ಎರಡು ಪದ. ಅದಕ್ಕೇ ಪ್ರಶ್ನೆಯಲ್ಲಿ ಬಿಲ್ಲಿನ ಮೇಲೆ ಏನು ಬರೆದಿದೆ ಎನ್ನುವ ಸಾಲಿನ ಕೆಳಗೆ ಪೆನ್ಸಿಲ್ಲಿನಿಂದ ಗೆರೆ ಎಳೆಯಿರಿ ಎಂದು ನಾನು ಹೇಳುವುದು.

ಈಗ ವೈಟ್‌ಫೀಲ್ಡ್. ಈ ಪ್ರಶ್ನೆಯ ಜೀವ ಇಲ್ಲಿದೆ.

ಹೆಚ್ಚಿನ ಉತ್ತರ ಪತ್ರಿಕೆಗಳಲ್ಲಿ ಹೀಗೆ ಇರುತ್ತದೆ: "ಮಾರಿದವರು ಬೆಂಗಳೂರು, ಸರಕು ಇಳಿದದ್ದು ಬೆಂಗಳೂರು, ಆದ್ದರಿಂದ ರಾಜ್ಯದೊಳಗಿನ ಪೂರೈಕೆ." ಮೊದಲ ಎರಡು ಮಾತು ಸರಿ. ಸರಕಿನ ಸಾಗಣೆ ಇರುವುದರಿಂದ ಐಜಿಎಸ್‌ಟಿ ಕಾಯ್ದೆಯ ಸೆಕ್ಷನ್ 10(1)(ಎ) ಪ್ರಕಾರ ಸಾಗಣೆ ಎಲ್ಲಿ ಮುಗಿಯಿತೋ ಅದೇ ಪೂರೈಕೆಯ ಸ್ಥಳ. ಅದು ವೈಟ್‌ಫೀಲ್ಡ್, ಅಂದರೆ ಕರ್ನಾಟಕ. ಇದನ್ನು ಧೈರ್ಯವಾಗಿ ಬರೆಯಿರಿ, ಇದಕ್ಕೆ ಅಂಕ ಇದೆ. ತಪ್ಪಾಗುವುದು "ಆದ್ದರಿಂದ" ಎನ್ನುವ ಪದದಲ್ಲಿ.

ಪೂರೈಕೆಯ ಸ್ಥಳ ಗೊತ್ತಾದ ಮಾತ್ರಕ್ಕೆ ಅದು ರಾಜ್ಯದೊಳಗಿನದೋ ಅಂತರರಾಜ್ಯದ್ದೋ ಎಂದು ತೀರ್ಮಾನ ಆಗಿಬಿಡುವುದಿಲ್ಲ. ಸಾಮಾನ್ಯವಾಗಿ ಎರಡೂ ಜೊತೆಗೇ ನಡೆಯುತ್ತವೆ, ಹಾಗಾಗಿ ನಮಗೆ ಅವು ಒಂದೇ ಅನ್ನಿಸಿಬಿಟ್ಟಿದೆ. ಆದರೆ ಅದೇ ಕಾಯ್ದೆಯ ಸೆಕ್ಷನ್ 7(5)(ಬಿ) ನೇರವಾಗಿ ಹೇಳುತ್ತದೆ: ಎಸ್‌ಇಜೆಡ್ ಡೆವಲಪರಿಗೆ ಅಥವಾ ಘಟಕಕ್ಕೆ ಮಾಡುವ ಪೂರೈಕೆ ಅಂತರರಾಜ್ಯ ಪೂರೈಕೆಯೇ. ಸೆಕ್ಷನ್ 8(1)ಕ್ಕೆ ಸೇರಿಸಿದ ಷರತ್ತು ಅದೇ ಮಾತನ್ನು ಇನ್ನೊಂದು ಕಡೆಯಿಂದ ಹೇಳುತ್ತದೆ. ಮಾರಿದವರು ಮತ್ತು ಸ್ಥಳ ಎರಡೂ ಒಂದೇ ರಾಜ್ಯದಲ್ಲಿದ್ದರೂ ಎಸ್‌ಇಜೆಡ್‌ಗೆ ಹೋದದ್ದು ರಾಜ್ಯದೊಳಗಿನ ಪೂರೈಕೆ ಅಲ್ಲ. ಹಾಗಾಗಿ "ಎಲ್ಲಿಗೆ ಹೋಯಿತು" ಎಂದು ಕೇಳುವ ಮೊದಲು "ಯಾರಿಗೆ ಹೋಯಿತು" ಎಂದು ಕೇಳಬೇಕು.

ಬೆಂಗಳೂರಿನಲ್ಲಿ ಇದು ಬರೀ ಪರೀಕ್ಷೆಯ ಮಾತಲ್ಲ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಹೊರವರ್ತುಲ ರಸ್ತೆ ಇಲ್ಲೆಲ್ಲ ಎಸ್‌ಇಜೆಡ್ ಕ್ಯಾಂಪಸ್ಸುಗಳಿವೆ. ಹೊರಗಿನಿಂದ ನೋಡಿದರೆ ಪಕ್ಕದ ಸಾಮಾನ್ಯ ಟೆಕ್ ಪಾರ್ಕಿಗೂ ಅದಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಟೆಂಪೋ ಗೇಟಿಗೆ ಹೋದಾಗ ಗೊತ್ತಾಗುತ್ತದೆ. ಬಿಲ್ಲಿನ ಮೇಲೆ ವಲಯದ ಅಧಿಕಾರಿಯ ಸಹಿ, ಮುದ್ರೆ ಬೇಕು ಎನ್ನುತ್ತಾರೆ. ಡ್ರೈವರ್ ಮುದ್ರೆ ಬಿದ್ದ ಕಾಗದ ತಂದು ಮೇಜಿನ ಮೇಲೆ ಇಟ್ಟಾಗ ವ್ಯಾಪಾರಿ ಅದನ್ನು ಫೈಲಿಗೆ ಸೇರಿಸಿ ಸುಮ್ನೆ ಇದ್ದುಬಿಡುತ್ತಾನೆ. ಮಂಜಣ್ಣನ ಲೆಕ್ಕದವರು ಕಂಡದ್ದು ಆ ಮುದ್ರೆಯನ್ನೇ ಎಂದುಕೊಳ್ಳಿ. ಆರ್ಡರ್ ಬಂದಾಗಲೇ ಗಿರಾಕಿಯ ಜಿಎಸ್‌ಟಿ ಸಂಖ್ಯೆಯನ್ನು ಪೋರ್ಟಲ್ಲಿನಲ್ಲಿ ಹಾಕಿ ನೋಡಿದ್ದರೂ ತಿಳಿಯುತ್ತಿತ್ತು. ತೆರಿಗೆದಾರರ ಬಗೆ ಎನ್ನುವ ಕಡೆ ಎಸ್‌ಇಜೆಡ್ ಘಟಕ ಎಂದು ತೋರಿಸುತ್ತದೆ.

ತೀರ್ಮಾನ ಹೀಗೆ ಬರೆಯಿರಿ. ಜುಲೈ 14ರ ಪೂರೈಕೆಯ ಸ್ಥಳ ಕರ್ನಾಟಕವೇ ಆದರೂ ಸ್ವರೂಪ ಅಂತರರಾಜ್ಯದ್ದು. ಸಿಜಿಎಸ್‌ಟಿ ಕಾಯ್ದೆಯ ಸೆಕ್ಷನ್ 10(2)(ಸಿ)ಯ ಷರತ್ತು ಅಂದೇ ಮುರಿಯಿತು. ನಿಯಮ 6(2)ರ ಪ್ರಕಾರ ಷರತ್ತು ಮುರಿದ ದಿನದಿಂದಲೇ, ಅಂದರೆ ಜುಲೈ 14ರಿಂದಲೇ, ಸೆಕ್ಷನ್ 9ರ ಮಾಮೂಲಿ ತೆರಿಗೆ ಶುರು. ತಿಂಗಳ ಮೊದಲಿನಿಂದಲ್ಲ, ತ್ರೈಮಾಸಿಕದ ಕೊನೆಯಿಂದಲೂ ಅಲ್ಲ. ಏಳು ದಿನದೊಳಗೆ, ಅಂದರೆ ಜುಲೈ 21ರೊಳಗೆ CMP-04 ಸಲ್ಲಿಸಬೇಕು. 19ಕ್ಕೆ ಸಲ್ಲಿಸಿದ್ದಾನೆ, ಸರಿಯಾಗಿದೆ.

ಅವನು ಸಲ್ಲಿಸದೆ ಹಾಗೇ ಮುಂದುವರಿದಿದ್ದರೆ? ಅಧಿಕಾರಿ CMP-05ರಲ್ಲಿ ನೋಟಿಸ್ ಕೊಡುತ್ತಿದ್ದರು. ಅದಕ್ಕೆ ಉತ್ತರ ಕೊಡಲು 15 ದಿನ, ಆಮೇಲೆ CMP-07ರಲ್ಲಿ ಆದೇಶ. ಸೆಕ್ಷನ್ 10(5)ರ ಪ್ರಕಾರ ತೆರಿಗೆಯ ಜೊತೆಗೆ ದಂಡವೂ ಬರುತ್ತಿತ್ತು. 2024-25ರಿಂದ ಈಚಿನ ವರ್ಷಗಳಿಗೆ ಆ ತೆರಿಗೆ ನಿರ್ಧರಿಸುವುದು ಸೆಕ್ಷನ್ 74ಎ ಅಡಿಯಲ್ಲಿ. ಹಳೆಯ ನೋಟ್ಸ್ ಇಟ್ಟುಕೊಂಡವರು ಇಲ್ಲಿ 73, 74 ಎಂದು ಬರೆದು ಅರ್ಧ ಅಂಕ ಕಳೆದುಕೊಳ್ಳುತ್ತಾರೆ.

ಉತ್ತರ (ಆ): ಕಾಂಪೋಸಿಷನ್ ದಿನಗಳ ತೆರಿಗೆ

ಇದು ಸುಲಭ. ವ್ಯಾಪಾರಿಗೆ ದರ ಒಟ್ಟು 1%, ಅದರಲ್ಲಿ ಅರ್ಧ ಕೇಂದ್ರಕ್ಕೆ, ಅರ್ಧ ರಾಜ್ಯಕ್ಕೆ. ಲೆಕ್ಕ ಹಾಕುವುದು ತೆರಿಗೆ ಇರುವ ಸರಕು ಸೇವೆಗಳ ವಹಿವಾಟಿನ ಮೇಲೆ. ಜೋಡಣೆ ಕೂಲಿ ಅದರೊಳಗೇ ಇದೆ, ಅದಕ್ಕೆ ಬೇರೆ ದರ ಹಾಕಬೇಡಿ.

ಏಪ್ರಿಲ್‌ನಿಂದ ಜೂನ್‌ವರೆಗೆ 24,00,000ಕ್ಕೆ 24,000. ಜುಲೈ 1ರಿಂದ 13ರವರೆಗೆ 4,00,000ಕ್ಕೆ 4,000. ಇದನ್ನು ಗಿರಾಕಿಯಿಂದ ವಸೂಲಿ ಮಾಡುವ ಹಾಗಿಲ್ಲ, ಸೆಕ್ಷನ್ 10(4) ತಡೆಯುತ್ತದೆ. ಕಾಂಪೋಸಿಷನ್ ಅಂಗಡಿಯ ಬಿಲ್ ಆಫ್ ಸಪ್ಲೈ ಮೇಲ್ಗಡೆ "ಪೂರೈಕೆಯ ಮೇಲೆ ತೆರಿಗೆ ವಸೂಲಿ ಮಾಡಲು ಅರ್ಹರಲ್ಲ" ಎಂದು ಅಚ್ಚಾಗಿರಬೇಕಾದ್ದೂ ಅದಕ್ಕೇ. ಅಂಥ ಬಿಲ್ಲು ಇಟ್ಟುಕೊಂಡು ಕೊಂಡವರೂ ಕ್ರೆಡಿಟ್ ಕೇಳುವ ಹಾಗಿಲ್ಲ.

ಹೆಚ್ಚಿನವರು ಮರೆಯುವುದು ಲಾರಿ ಬಾಡಿಗೆ. ಏಜೆನ್ಸಿ ತೆರಿಗೆ ಹಾಕಿಲ್ಲ, ಹಾಗಾಗಿ ರಿವರ್ಸ್ ಚಾರ್ಜಿನಲ್ಲಿ ಮಂಜಣ್ಣನೇ ಕಟ್ಟಬೇಕು. ಕಾಂಪೋಸಿಷನ್ನಿನ 1% ಇದಕ್ಕೆ ಅನ್ವಯಿಸುವುದಿಲ್ಲ. ಮಾಮೂಲಿ ದರ 5%, ಅಂದರೆ 40,000ಕ್ಕೆ 2,000. ಇಲ್ಲಿಯೂ ಪೂರೈಕೆಯ ಸ್ಥಳ ಬರುತ್ತದೆ ನೋಡಿ. ನೋಂದಣಿ ಇರುವವರಿಗೆ ಸರಕು ಸಾಗಿಸಿದರೆ ಐಜಿಎಸ್‌ಟಿ ಕಾಯ್ದೆಯ ಸೆಕ್ಷನ್ 12(8)ರ ಪ್ರಕಾರ ಸೇವೆ ಪಡೆದವರು ಇರುವ ಸ್ಥಳವೇ ಪೂರೈಕೆಯ ಸ್ಥಳ. ಅದು ಕರ್ನಾಟಕ. ಏಜೆನ್ಸಿ ತಮಿಳುನಾಡಿನದು. ಹಾಗಾಗಿ ಐಜಿಎಸ್‌ಟಿ 2,000. "ಕಾಂಪೋಸಿಷನ್ ವ್ಯಾಪಾರಿ ಐಜಿಎಸ್‌ಟಿ ಕಟ್ಟುತ್ತಾನಾ" ಎಂದು ಗಾಬರಿ ಬೇಡ. ಇದು ಅವನ ಮಾರಾಟದ ಮೇಲಿನ ತೆರಿಗೆ ಅಲ್ಲ, ಒಳಗೆ ಬಂದ ಸೇವೆಯ ಮೇಲಿನದು.

ಮೊದಲ ತ್ರೈಮಾಸಿಕಕ್ಕೆ CMP-08ರಲ್ಲಿ ಒಟ್ಟು 26,000 ರೂಪಾಯಿ, ಜುಲೈ 18ರೊಳಗೆ. ಜುಲೈನ ಮೊದಲ 13 ದಿನಕ್ಕೆ 4,000 ಮುಂದಿನ CMP-08ರಲ್ಲಿ. ಕಾಂಪೋಸಿಷನ್ನಿನಲ್ಲಿ ಇದ್ದಷ್ಟು ದಿನಕ್ಕೆ GSTR-4 ಕೂಡ ಸಲ್ಲಿಸಬೇಕು, ವರ್ಷ ಮುಗಿದ ಮೇಲೆ 2026ರ ಜೂನ್ 30ರೊಳಗೆ.

ಉತ್ತರ (ಇ): ಕ್ರೆಡಿಟ್ ಮತ್ತು ಜುಲೈ ತೆರಿಗೆ

ಕಾಂಪೋಸಿಷನ್ ಹೋಯಿತು ಎಂದರೆ ಕೆಟ್ಟದ್ದೇ ಆಯಿತು ಎಂದು ವಿದ್ಯಾರ್ಥಿಗಳು ಅಂದುಕೊಳ್ಳುತ್ತಾರೆ. ಆ ಬಾಗಿಲು ಮುಚ್ಚಿದ ದಿನವೇ ಸೆಕ್ಷನ್ 18(1)(ಸಿ) ಇನ್ನೊಂದು ಬಾಗಿಲು ತೆರೆಯುತ್ತದೆ. ಮಾಮೂಲಿ ತೆರಿಗೆ ಶುರುವಾಗುವ ಹಿಂದಿನ ದಿನ, ಅಂದರೆ ಜುಲೈ 13ಕ್ಕೆ ಕೈಯಲ್ಲಿದ್ದ ಸರಕಿನ ಮೇಲೂ ಬಂಡವಾಳ ಸರಕಿನ ಮೇಲೂ ಕ್ರೆಡಿಟ್ ಸಿಗುತ್ತದೆ. ಆದರೆ ಒಂದೊಂದು ಬಿಲ್ಲನ್ನೂ ಕೈಗೆತ್ತಿಕೊಂಡು ನೋಡಬೇಕು.

ಕೊಯಮತ್ತೂರಿನ ಬಿಲ್ಲು ಎರಡು ತಿಂಗಳ ಹಿಂದಿನದು, ತೊಂದರೆ ಇಲ್ಲ. ಪೀಣ್ಯದ್ದು ಎಂಟು ತಿಂಗಳೊಳಗಿನದು, ಅದೂ ಸರಿ. 2024ರ ಜೂನ್ 5ರ ಬಿಲ್ಲಿಗೆ ಒಂದು ವರ್ಷ ದಾಟಿದೆ. ಸೆಕ್ಷನ್ 18(2) ಪ್ರಕಾರ ಇನ್‌ವಾಯ್ಸ್ ದಿನದಿಂದ ಒಂದು ವರ್ಷ ಕಳೆದ ಮೇಲೆ ಈ ಕ್ರೆಡಿಟ್ ಇಲ್ಲ. ಸರಕು ಗೋಡೌನಿನಲ್ಲಿ ಹೊಸದರ ಹಾಗೇ ಹೊಳೆಯುತ್ತಿದ್ದರೂ ಇಲ್ಲ. ಕಾಂಪೋಸಿಷನ್ ವ್ಯಾಪಾರಿಯಿಂದ ಕೊಂಡದ್ದರ ಬಿಲ್ಲಿನಲ್ಲಿ ತೆರಿಗೆಯೇ ಇಲ್ಲ, ಕ್ರೆಡಿಟ್ ಎಲ್ಲಿಂದ ಬರಬೇಕು?

ಲಾರಿ ಬಾಡಿಗೆಗೆ ಕಟ್ಟಿದ 2,000 ರೂಪಾಯಿಯನ್ನೂ ಕೆಲವರು ಇಲ್ಲಿ ಸೇರಿಸುತ್ತಾರೆ. ಸೆಕ್ಷನ್ 18(1)(ಸಿ) ಹೇಳುವುದು ದಾಸ್ತಾನಿನಲ್ಲಿರುವ ಇನ್‌ಪುಟ್ ಬಗ್ಗೆ. ಕಾಯ್ದೆಯಲ್ಲಿ ಇನ್‌ಪುಟ್ ಎಂದರೆ ಸರಕು. ಸೇವೆಗೆ ಬೇರೆ ಹೆಸರಿದೆ, ಅದು ಇಲ್ಲಿ ಬಂದಿಲ್ಲ. ಆ 2,000 ಹೋದದ್ದು ಹೋಯಿತು.

ಕಂಪ್ಯೂಟರಿಗೆ ನಿಯಮ 40(1)(ಎ). ಇನ್‌ವಾಯ್ಸ್ ದಿನದಿಂದ ಪ್ರತಿ ತ್ರೈಮಾಸಿಕಕ್ಕೆ, ಅಥವಾ ಅದರ ಭಾಗಕ್ಕೆ, ನೂರಕ್ಕೆ ಐದರಂತೆ ಕಳೆಯಬೇಕು. ಜನವರಿ 2ರಿಂದ ಎರಡು ತ್ರೈಮಾಸಿಕ ಪೂರ್ತಿ ಆಗಿವೆ, ಮೂರನೆಯದು ಶುರುವಾಗಿದೆ. ಶುರುವಾದದ್ದೂ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ 15% ಕಳೆದು, 18,000ದಲ್ಲಿ 15,300 ಸಿಗುತ್ತದೆ.

| ಬಿಲ್ಲು | ಐಜಿಎಸ್‌ಟಿ | ಸಿಜಿಎಸ್‌ಟಿ | ಎಸ್‌ಜಿಎಸ್‌ಟಿ |
|---|---|---|---|
| ಕೊಯಮತ್ತೂರು, 6,00,000 | 1,08,000 | – | – |
| ಪೀಣ್ಯ, 2,00,000 | – | 18,000 | 18,000 |
| ವರ್ಷ ದಾಟಿದ ಬಿಲ್ಲು, 1,50,000 | – | 0 | 0 |
| ಕಾಂಪೋಸಿಷನ್ ಖರೀದಿ, 80,000 | – | 0 | 0 |
| ಕಂಪ್ಯೂಟರ್ | – | 7,650 | 7,650 |
| ಒಟ್ಟು | 1,08,000 | 25,650 | 25,650 |

ಮೂರೂ ಸೇರಿ 1,59,300. ಇದನ್ನು ಪಡೆಯಲು 30 ದಿನದೊಳಗೆ ITC-01 ಸಲ್ಲಿಸಬೇಕು, ಇಲ್ಲಿ ಆಗಸ್ಟ್ 13ರೊಳಗೆ. ಮೊತ್ತ 2 ಲಕ್ಷ ದಾಟಿದ್ದರೆ ಚಾರ್ಟರ್ಡ್ ಅಕೌಂಟೆಂಟ್ ಅಥವಾ ಕಾಸ್ಟ್ ಅಕೌಂಟೆಂಟ್ ಸರ್ಟಿಫಿಕೇಟ್ ಬೇಕಿತ್ತು. ದಾಟಿಲ್ಲ, ಬೇಡ.

ಈಗ ಜುಲೈ 14ರಿಂದ 31ರವರೆಗಿನ ತೆರಿಗೆ. ಮೊತ್ತದಲ್ಲೇ ತೆರಿಗೆ ಸೇರಿದೆ ಎಂದು ಪ್ರಶ್ನೆ ಹೇಳಿದೆ. ಆದ್ದರಿಂದ ನಿಯಮ 35ರ ಹಾಗೆ ಹಿಂದಕ್ಕೆ ಲೆಕ್ಕ ಹಾಕಬೇಕು:

```
ತೆರಿಗೆ = ತೆರಿಗೆ ಸೇರಿದ ಮೊತ್ತ × 18 ÷ 118
```

ಎಸ್‌ಇಜೆಡ್ ಬಿಲ್ಲು 3,54,000. ಇದರಲ್ಲಿ ಮೌಲ್ಯ 3,00,000, ಐಜಿಎಸ್‌ಟಿ 54,000. ಎಸ್‌ಇಜೆಡ್ ಘಟಕದ ಅಧಿಕೃತ ಕೆಲಸಕ್ಕೆ ಹೋದ ಸರಕು ಶೂನ್ಯ ದರದ ಪೂರೈಕೆ ಅಲ್ವಾ, ತೆರಿಗೆ ಯಾಕೆ ಎಂದು ಕೇಳಬಹುದು. ಶೂನ್ಯ ದರ ಎಂದರೆ ಎರಡು ದಾರಿ. ಎಲ್‌ಯುಟಿ ಕೊಟ್ಟು ತೆರಿಗೆ ಇಲ್ಲದೆ ಕಳಿಸುವುದು ಒಂದು, ಐಜಿಎಸ್‌ಟಿ ಕಟ್ಟಿ ಆಮೇಲೆ ವಾಪಸ್ ಕೇಳುವುದು ಇನ್ನೊಂದು. ಎಲ್‌ಯುಟಿ ಇಲ್ಲ ಎಂದು ಪ್ರಶ್ನೆಯಲ್ಲೇ ಇದೆ, ಹಾಗಾಗಿ ಎರಡನೆಯ ದಾರಿ. ಗೇಟಿನಲ್ಲಿ ಬಿದ್ದ ಆ ಮುದ್ರೆ ರೀಫಂಡ್ ಅರ್ಜಿಗೆ ಬೇಕಾಗುತ್ತದೆ. ಕಾಂಪೋಸಿಷನ್ ಮುರಿದದ್ದನ್ನು ತೋರಿಸಿಕೊಟ್ಟ ಕಾಗದವೇ ದುಡ್ಡು ವಾಪಸ್ ತರುವ ಕಾಗದವೂ ಹೌದು.

ಉಳಿದ 5,90,000ದಲ್ಲಿ ಮೌಲ್ಯ 5,00,000, ತೆರಿಗೆ 90,000. ಸಿಜಿಎಸ್‌ಟಿ 45,000, ಎಸ್‌ಜಿಎಸ್‌ಟಿ 45,000. ಅಲ್ಲಿಗೆ ಜುಲೈ ತಿಂಗಳ ಒಟ್ಟು ಹೊಣೆ 1,44,000. ಕೈಯಲ್ಲಿ ಕ್ರೆಡಿಟ್ 1,59,300. "ಕ್ರೆಡಿಟ್ ಜಾಸ್ತಿ, ಹಾಗಾಗಿ ನಗದು ಸೊನ್ನೆ" ಎಂದು ಒಂದೇ ಸಾಲಿನಲ್ಲಿ ಬರೆದು ಪೆನ್ನು ಇಡುವವರಿದ್ದಾರೆ. ಉತ್ತರ ಸರಿಯಾಗಿ ಬರಬಹುದು, ಆದರೆ ಅದು ಹೊಂದಿಸುವ ರೀತಿಯ ಮೇಲೆ ನಿಂತಿದೆ. ಇಲ್ಲಿ ಸ್ವಲ್ಪ ನಿಧಾನಿಸಿ.

ಐಜಿಎಸ್‌ಟಿ ಕ್ರೆಡಿಟ್ ಮೊದಲು ಐಜಿಎಸ್‌ಟಿಗೇ ಹೋಗಬೇಕು. 1,08,000ದಲ್ಲಿ 54,000 ಅಲ್ಲಿ ಖರ್ಚಾಯಿತು, 54,000 ಉಳಿಯಿತು. ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಕ್ರೆಡಿಟ್ ಮುಟ್ಟುವ ಮೊದಲು ಈ 54,000 ಪೂರ್ತಿ ಮುಗಿಯಬೇಕು. ಅದನ್ನು ಎರಡರ ನಡುವೆ ಹೇಗೆ ಹಂಚಬೇಕು ಎನ್ನುವುದು ವ್ಯಾಪಾರಿಗೆ ಬಿಟ್ಟದ್ದು. ನಿಯಮ 88ಎ ಹೇಳುವುದು ಇದೇ: ಯಾವ ಕ್ರಮದಲ್ಲಾದರೂ ಯಾವ ಪ್ರಮಾಣದಲ್ಲಾದರೂ ಹಂಚಬಹುದು.

ಒಬ್ಬ ವಿದ್ಯಾರ್ಥಿ ಹಳೆಯ ಅಭ್ಯಾಸದಂತೆ ಮೊದಲು ಸಿಜಿಎಸ್‌ಟಿಯನ್ನು ಪೂರ್ತಿ ತೀರಿಸಿದ ಎಂದುಕೊಳ್ಳಿ. 45,000 ಅಲ್ಲಿ ಹೋಯಿತು. ಉಳಿದ 9,000 ಎಸ್‌ಜಿಎಸ್‌ಟಿಗೆ. ಎಸ್‌ಜಿಎಸ್‌ಟಿಯಲ್ಲಿ ಇನ್ನೂ 36,000 ಬಾಕಿ. ಅದಕ್ಕೆ ಇರುವ ಕ್ರೆಡಿಟ್ 25,650. ಹಾಗಾಗಿ 10,350 ರೂಪಾಯಿ ಕೈಯಿಂದ ಕಟ್ಟಬೇಕು. ಆ ಕಡೆ ಸಿಜಿಎಸ್‌ಟಿಯ 25,650 ಕ್ರೆಡಿಟ್ ಲೆಡ್ಜರಿನಲ್ಲಿ ಸುಮ್ನೆ ಕೂತಿರುತ್ತದೆ. ಸಿಜಿಎಸ್‌ಟಿ ಕ್ರೆಡಿಟ್ಟಿನಿಂದ ಎಸ್‌ಜಿಎಸ್‌ಟಿ ಕಟ್ಟುವ ಹಾಗಿಲ್ಲವಲ್ಲ. ದುಡ್ಡಿದ್ದೂ ಸಾಲ ಮಾಡಿದ ಹಾಗೆ.

ಬದಲಿಗೆ 54,000ವನ್ನು ಸಮವಾಗಿ ಹಂಚಿ, 27,000 ಆ ಕಡೆ, 27,000 ಈ ಕಡೆ. ಎರಡರಲ್ಲೂ 18,000 ಬಾಕಿ. ಅವಕ್ಕೆ ತಮ್ಮತಮ್ಮ 25,650 ಕ್ರೆಡಿಟ್ ಸಾಕು. ಎರಡರಲ್ಲೂ 7,650 ಉಳಿದು ಮುಂದಿನ ತಿಂಗಳಿಗೆ ಹೋಗುತ್ತದೆ. ಜುಲೈನ GSTR-3Bಯಲ್ಲಿ ಕೈಯಿಂದ ಕಟ್ಟುವುದು ಸೊನ್ನೆ. ಅದರ ಗಡುವು ಆಗಸ್ಟ್ 20. ITC-01 ಅದಕ್ಕೂ ಮೊದಲೇ ಸಲ್ಲಿಕೆಯಾಗಿ ಕ್ರೆಡಿಟ್ ಲೆಡ್ಜರಿಗೆ ಬಂದಿರಬೇಕು. ಅದು ತಡವಾದರೆ ಈ ಲೆಕ್ಕವೆಲ್ಲ ಕಾಗದದ ಮೇಲೇ ಉಳಿದು, 1,44,000ವನ್ನೂ ನಗದಾಗಿ ಕಟ್ಟಬೇಕಾಗುತ್ತದೆ.

ಒಂದು ಮಾತು ಸೇರಿಸುತ್ತೇನೆ, ಪರೀಕ್ಷೆಗಿಂತ ಅಂಗಡಿಗೆ ಇದು ಹತ್ತಿರ. ಮಂಜಣ್ಣ ಬೆಲೆ ಏರಿಸಲಿಲ್ಲ. ಮೊನ್ನೆಯವರೆಗೆ 5,900 ರೂಪಾಯಿಯ ರ್ಯಾಕಿನಲ್ಲಿ 59 ರೂಪಾಯಿ ತೆರಿಗೆ ಹೋಗುತ್ತಿತ್ತು. ಈಗ ಅದೇ ಬೆಲೆಯಲ್ಲಿ 900 ಹೋಗುತ್ತದೆ. ಕ್ರೆಡಿಟ್ ಇರುವ ಸರಕಿಗೆ ಅದರ ಬಹುಪಾಲು ತುಂಬಿಬರುತ್ತದೆ. ಆ ಹಳೆಯ ಜೂನ್ ಬಿಲ್ಲಿನ ಸರಕಿಗೂ ಕಾಂಪೋಸಿಷನ್ ವ್ಯಾಪಾರಿಯಿಂದ ತಂದ ಸರಕಿಗೂ ತುಂಬಿಬರುವುದಿಲ್ಲ. ಅವನಿಗೆ ನಷ್ಟ ತಟ್ಟುವುದು ಆ 2,30,000 ರೂಪಾಯಿಯ ಸರಕಿನಲ್ಲಿ.

ಉತ್ತರ (ಈ): ಹೊಸೂರಿನವರು ಹೇಳಿ ಪೀಣ್ಯದಲ್ಲಿ ಇಳಿಸಿದರೆ

ಟೆಂಪೋ ರಾಜಾಜಿನಗರದಿಂದ ಪೀಣ್ಯಕ್ಕೆ ಹೋಗಿದೆ, ಕೆಲವೇ ಕಿಲೋಮೀಟರ್. ಆದರೆ ಸರಕು ಕೊಂಡವರು ಹೊಸೂರಿನವರು, ಬಿಲ್ಲು ಅವರ ಹೆಸರಿಗೆ. ಅವರು ಹೇಳಿದ್ದಕ್ಕೆ ಪೀಣ್ಯದಲ್ಲಿ ಇಳಿಸಿದ್ದು. ಇದಕ್ಕೆ ಐಜಿಎಸ್‌ಟಿ ಕಾಯ್ದೆಯ ಸೆಕ್ಷನ್ 10(1)(ಬಿ) ಇದೆ. ಹೇಳಿದವರೇ ಸರಕು ಪಡೆದರು ಎಂದು ಕಾಯ್ದೆ ಭಾವಿಸುತ್ತದೆ, ಅವರ ವ್ಯಾಪಾರದ ಮುಖ್ಯ ಸ್ಥಳವೇ ಪೂರೈಕೆಯ ಸ್ಥಳವಾಗುತ್ತದೆ. ಅಂದರೆ ತಮಿಳುನಾಡು. ಮಾರಿದವನು ಕರ್ನಾಟಕ, ಸ್ಥಳ ತಮಿಳುನಾಡು, ಇದೂ ಅಂತರರಾಜ್ಯ ಪೂರೈಕೆ. ಕಾಂಪೋಸಿಷನ್ ಅದೇ ಜುಲೈ 14ಕ್ಕೆ ಹೋಗುತ್ತದೆ.

ವೈಟ್‌ಫೀಲ್ಡ್ ಪ್ರಕರಣದಲ್ಲಿ ಸ್ಥಳ ಕರ್ನಾಟಕವೇ ಇತ್ತು, ಸ್ವರೂಪ ಮಾತ್ರ ಅಂತರರಾಜ್ಯದ್ದು. ಇಲ್ಲಿ ಸ್ಥಳವೇ ತಮಿಳುನಾಡಿಗೆ ಹೋಗಿದೆ, ಸರಕು ಬೆಂಗಳೂರು ಬಿಟ್ಟಿಲ್ಲ. ಎರಡು ಅಂಕ ಇರುವುದು ಈ ವ್ಯತ್ಯಾಸಕ್ಕೆ, ಅದನ್ನು ಬಾಯಿಬಿಟ್ಟು ಬರೆಯಿರಿ. ಇನ್ನೊಂದು ವ್ಯತ್ಯಾಸವೂ ಇದೆ. ಹೊಸೂರಿನವರಿಗೆ ಮಾರಿದ್ದು ಶೂನ್ಯ ದರದ ಪೂರೈಕೆ ಅಲ್ಲ. ಆ 54,000 ಐಜಿಎಸ್‌ಟಿಯನ್ನು ಮಂಜಣ್ಣ ರೀಫಂಡ್ ಕೇಳುವ ಹಾಗಿಲ್ಲ. ಟ್ಯಾಕ್ಸ್ ಇನ್‌ವಾಯ್ಸ್ ಕೈಗೆ ಬಂದ ಮೇಲೆ ಹೊಸೂರಿನ ವ್ಯಾಪಾರಿಗೆ ಅದು ಕ್ರೆಡಿಟ್ ಆಗಿ ಸಿಗುತ್ತದೆ.